ಆಸ್ಪತ್ರೆ ಬಿಲ್ ಕಟ್ಟಲು ಮೊದಲು ಯಾವ ದುಡ್ಡು, ಆಮೇಲೆ ಯಾವುದು

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಅಂದ ತಕ್ಷಣ ಎಲ್ಲರೂ ಕೇಳುವುದು "ಇನ್ಶೂರೆನ್ಸ್ ಇದೆಯಾ?" ಅಂತ. ಇದೆ ಅಂದರೆ ನಿಶ್ಚಿಂತೆ. ಆದರೆ ಇನ್ಶೂರೆನ್ಸ್ ಎಷ್ಟು ಕೊಡುತ್ತದೆ ಅನ್ನುವುದು ಅಡ್ಮಿಟ್ ಆಗುವಾಗ ಯಾವ ರೂಮ್ ತೆಗೆದುಕೊಂಡಿರಿ ಅನ್ನುವುದರ ಮೇಲೂ ನಿಂತಿರುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನಮ್ಮ ಅತ್ತೆಯ ಮೊಣಕಾಲಿನ ಆಪರೇಷನ್ ಲೆಕ್ಕವನ್ನೇ ಹೇಳುತ್ತೇನೆ. ಪಾಲಿಸಿ 5 ಲಕ್ಷದ್ದು. ಅದರಲ್ಲಿ ರೂಮ್ ಬಾಡಿಗೆಗೆ ಶೇ. 1ರ ಮಿತಿ, ಅಂದರೆ ದಿನಕ್ಕೆ 5,000. ತೆಗೆದುಕೊಂಡದ್ದು 8,000ದ ರೂಮ್. ಆರು ದಿನಕ್ಕೆ ಹೆಚ್ಚೆಂದರೆ 18,000 ಕೈಯಿಂದ ಹೋಗುತ್ತದೆ ಅಂತ ಮನೆಯವರೆಲ್ಲ ಅಂದುಕೊಂಡಿದ್ದರು. ಹಾಗಲ್ಲ. ಮಿತಿ ಮೀರಿದ ರೂಮಿಗೆ ಹೋದರೆ ಸರ್ಜನ್ ಫೀ, ಥಿಯೇಟರ್, ನರ್ಸಿಂಗ್, ಡಾಕ್ಟರ್ ವಿಸಿಟ್ ಎಲ್ಲವನ್ನೂ ಅದೇ ಅನುಪಾತದಲ್ಲಿ ಕಡಿತ ಮಾಡುತ್ತಾರೆ. ಎಂಟರಲ್ಲಿ ಐದು ಭಾಗ ಮಾತ್ರ ಕೊಡುತ್ತಾರೆ. ಇವು 1,60,000 ಆಗಿದ್ದವು, ಸಿಕ್ಕಿದ್ದು 1,00,000. ರೂಮಿನ 48,000ದಲ್ಲಿ 30,000. ಗ್ಲೌಸ್, ರಿಜಿಸ್ಟ್ರೇಷನ್ ಅಂತ ಪಾಲಿಸಿಗೆ ಸೇರದ 10,000 ಬೇರೆ. ದಿನಕ್ಕೆ 3,000 ಜಾಸ್ತಿಯ ರೂಮಿನಿಂದಲೇ 60,000 ಮತ್ತು 18,000 ಸೇರಿ ಒಟ್ಟು 78,000 ಹೋಯಿತು!

ಇನ್ನೊಂದು ತಪ್ಪೂ ನಡೆದಿತ್ತು. ಇಂಪ್ಲಾಂಟ್, ಔಷಧಿ, ಟೆಸ್ಟ್‌ಗಳ 92,000ಕ್ಕೂ ಅದೇ ಕತ್ತರಿ ಹಾಕಿ 34,500 ಕಡಿತ ಮಾಡಿದ್ದರು. ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ ನಿಯಮದಲ್ಲಿ ಈ ಮೂರಕ್ಕೂ ಅನುಪಾತದ ಕಡಿತ ಹಾಕುವ ಹಾಗಿಲ್ಲ. ಐಸಿಯು ಚಾರ್ಜಿಗೂ ಇಲ್ಲ. ರೂಮ್ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಾದರೆ ಈ ಕಡಿತವೇ ಬರುವುದಿಲ್ಲ. ಹಾಗಾಗಿ ಡಿಸ್ಚಾರ್ಜ್ ದಿನ ಬರುವ ಅಪ್ರೂವಲ್ ಪತ್ರವನ್ನು ಬಿಲ್ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ನೋಡಲೇಬೇಕು.

ಅಂತೂ 78,000, 10,000, 34,500 ಮೂರೂ ಸೇರಿ ಅವತ್ತು ಕೌಂಟರಿನಲ್ಲಿ ಕಟ್ಟಬೇಕಾಗಿದ್ದು 1,22,500. ಸಾಲದ ಮಾತು ಬರುವುದು ಇಲ್ಲಿ.

ಬಿಲ್ಲಿಂಗ್‌ನವರು ಮೊದಲು ಹೇಳಿದ್ದು "ಆರು ತಿಂಗಳ ನೋ ಕಾಸ್ಟ್ ಇಎಂಐ ಮಾಡಿಕೊಡ್ತೀವಿ ಮೇಡಂ, ಬಡ್ಡಿ ಇಲ್ಲ" ಅಂತ. ಅದು ಆಸ್ಪತ್ರೆಯೇ ಕೊಡುವ ಕಂತು ಅಲ್ಲ. ಅಗ್ರಿಮೆಂಟಿನಲ್ಲಿ ಒಂದು ಫೈನಾನ್ಸ್ ಕಂಪನಿಯ ಹೆಸರಿತ್ತು. ಅಂದರೆ ಅದು ಸಾಲವೇ, ಒಂದು ಕಂತು ತಪ್ಪಿದರೂ ಸಿಬಿಲ್‌ಗೆ ಹೋಗುತ್ತದೆ. ಬಡ್ಡಿ ಇಲ್ಲ, ನಿಜ. ಆದರೆ ಶೇ. 2 ಪ್ರೊಸೆಸಿಂಗ್ ಫೀ ಮತ್ತು ಜಿಎಸ್‌ಟಿ ಸೇರಿ ಸುಮಾರು 2,900. ಒಟ್ಟಿಗೆ ಕಟ್ಟಿದರೆ ಕೊಡುವ ಶೇ. 5 ರಿಯಾಯಿತಿ, ಅಂದರೆ 6,125 ರೂಪಾಯಿ, ಇಎಂಐ ತೆಗೆದುಕೊಂಡರೆ ಇಲ್ಲ. ಎರಡೂ ಸೇರಿ 9,000 ಆಯಿತಲ್ವಾ?

ಅದರ ಬದಲು ಬ್ಯಾಂಕಿನಲ್ಲಿ ಬಳೆ ಇಟ್ಟು ಸಾಲ ತೆಗೆದೆವು. ಶೇ. 10 ಬಡ್ಡಿ ಅಂದರೆ ತಿಂಗಳಿಗೆ ಸುಮಾರು ಸಾವಿರ ರೂಪಾಯಿ. ಕೈಗೆ ದುಡ್ಡು ಬಂದಾಗ ಅಸಲಿಗೆ ಕಟ್ಟುತ್ತಾ ಹೋಗಬಹುದು. ಅದೇ ಮೊತ್ತವನ್ನು ಕ್ರೆಡಿಟ್ ಕಾರ್ಡಿನಲ್ಲಿ ಉಜ್ಜಿ, ಪೂರ್ತಿ ಕಟ್ಟದೆ ಬಿಟ್ಟರೆ ತಿಂಗಳಿಗೆ ಶೇ. 3.5ರ ಹಾಗೆ 4,290 ರೂಪಾಯಿ ಆಗುತ್ತದೆ. ಮೇಲೆ ಜಿಎಸ್‌ಟಿ.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಇನ್ಶೂರೆನ್ಸ್ ಅಥವಾ ಸರ್ಕಾರಿ ಯೋಜನೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಬೇಕು, ಖಾಸಗಿಯಲ್ಲಿ ಅಡ್ಮಿಟ್ ಆದ ಮೇಲೆ ಓಡಾಡಿದರೆ ಕಷ್ಟ. ಎರಡನೆಯದು ಆಸ್ಪತ್ರೆಯೇ ಬರೆದುಕೊಟ್ಟು ಒಪ್ಪುವ ಕಂತು, ಮಧ್ಯೆ ಯಾವ ಕಂಪನಿಯೂ ಇಲ್ಲದ್ದು. ಸಿಗುವುದು ಅಪರೂಪ, ಆದರೂ ಬಾಯಿಬಿಟ್ಟು ಕೇಳಿ. ಮೂರನೆಯದು ಚಿನ್ನದ ಸಾಲ. ರಿಯಾಯಿತಿ ಇಲ್ಲದ ಆಸ್ಪತ್ರೆಯಾಗಿ, ಫೀ ಕಡಿಮೆ ಇದ್ದರೆ ನೋ ಕಾಸ್ಟ್ ಇಎಂಐ ಚಿನ್ನಕ್ಕಿಂತ ಮೇಲೆ ಬರಬಹುದು, ಅದನ್ನು ಒಪ್ಪುತ್ತೇನೆ. ಆಮೇಲೆ ಪರ್ಸನಲ್ ಲೋನ್. ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟಕಡೆಗೆ.

ಯಾವ ಸಾಲಕ್ಕೆ ಸಹಿ ಹಾಕುವ ಮೊದಲೂ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳ ಪತ್ರ, ಕೇಳಿ. 2024ರ ಅಕ್ಟೋಬರಿನಿಂದ ಆರ್‌ಬಿಐ ಇದನ್ನು ಕಡ್ಡಾಯ ಮಾಡಿದೆ, ನಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ, ಫೀ ಎಲ್ಲ ಸೇರಿಸಿದ ವಾರ್ಷಿಕ ವೆಚ್ಚ ಅದು. ಫೀ ಇದ್ದರೆ, ಬಡ್ಡಿ ಸೊನ್ನೆ ಅಂದರೂ ಅಲ್ಲಿ ಸೊನ್ನೆ ಇರುವುದಿಲ್ಲ.

ಆ 34,500ಕ್ಕೆ ಕಂಪನಿಯ ದೂರು ವಿಭಾಗಕ್ಕೆ ನಿಯಮ ತೋರಿಸಿ ಬರೆದೆವು. ವಾಪಸ್ ಬಂತು, ಬಳೆಯ ಸಾಲಕ್ಕೇ ಕಟ್ಟಿದೆವು. ಕಂಪನಿ ಒಪ್ಪದಿದ್ದರೆ, ಅಥವಾ 30 ದಿನವಾದರೂ ಉತ್ತರ ಕೊಡದಿದ್ದರೆ, ಇಂಥ ದೂರು ವಿಚಾರಿಸುವ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಫೀ ಇಲ್ಲ, ವಕೀಲರೂ ಬೇಡ.