ಮಾರ್ಚ್ 31ರ ರಾತ್ರಿ ಕಟ್ಟಿದ ಕೆನೆ

ಮದ್ದೂರಿನ ಪಕ್ಕದ ನಮ್ಮೂರಿನ ಡೈರಿಯಲ್ಲಿ ಅಣ್ಣ ಹಾಲು ಹಾಕಿದರೆ, ಫ್ಯಾಟ್ ಎಷ್ಟು ಅಂತ ಯಂತ್ರ ನಿಂತ ನಿಲುವಿನಲ್ಲೇ ಹೇಳಿಬಿಡುತ್ತದೆ. ಆದರೆ ಅಣ್ಣನ ಮೇಲೇ ಕೆನೆ ಕಟ್ಟಿದೆಯೋ ಇಲ್ಲವೋ ಎಂದು ಹೇಳಲು ಸರ್ಕಾರಕ್ಕೆ ವಾರಗಟ್ಟಲೆ ಬೇಕು.

ಅವನ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ಇಂಟರ್ನ್‌ಶಿಪ್ ಮಾಡಲು ಪೋರ್ಟಲ್ ತೆರೆದಳು. ಮನೆಯಲ್ಲಿ ನಾಡಕಚೇರಿಯ ‘2ಎ’ ಪ್ರಮಾಣಪತ್ರ ಭದ್ರವಾಗಿತ್ತು, ಅವಧಿಯೂ ಮುಗಿದಿರಲಿಲ್ಲ. ಪೋರ್ಟಲ್ಲಿಗೆ 2ಎ ಅಂದರೆ ಬಸ್ಸಿನ ನಂಬರು. ಅದಕ್ಕೆ ಬೇಕಾದದ್ದು `OBC-NCL`, ಅದೂ ಕೇಂದ್ರದ ನಮೂನೆಯಲ್ಲಿ. ಜಾತಿ ಅದೇ, ಅಪ್ಪ ಅದೇ, ಸಹಿ ಹಾಕುವ ತಹಶೀಲ್ದಾರರೂ ಅವರೇ. ಕಾಗದ ಮಾತ್ರ ಬೇರೆ. ಆ ಕಾಗದ 1993ರ ಸೆಪ್ಟೆಂಬರ್ 8ರ ಆದೇಶವೊಂದನ್ನು ಉಲ್ಲೇಖಿಸಿ, ಈ ಹುಡುಗಿ ಕೆನೆಪದರದವಳಲ್ಲ ಎನ್ನಬೇಕು. ಆಗ ಹುಡುಗಿ ಹುಟ್ಟೇ ಇರಲಿಲ್ಲ, ಕೆನೆಯಂತೂ ದೂರದ ಮಾತು.

ಆದಾಯದ ಮಿತಿ ವರ್ಷಕ್ಕೆ 8 ಲಕ್ಷ. ಸಂಬಳವನ್ನೂ ಬೇಸಾಯದ ಆದಾಯವನ್ನೂ ಅದಕ್ಕೆ ಸೇರಿಸುವಂತಿಲ್ಲ. ಅಣ್ಣನಿಗೆ ಇದು ತುಂಬ ಹಿಡಿಸಿತು. ‘ಕಬ್ಬಿನ ದುಡ್ಡು ಲೆಕ್ಕಕ್ಕಿಲ್ಲ ಅಂತ ಫ್ಯಾಕ್ಟ್ರಿಯವ್ರು ಯಾವತ್ತೋ ತೋರ್ಸವ್ರೆ ಬುಡು’ ಅಂದ.

ಓಡಾಡಿ ಮಾರ್ಚ್ 24ಕ್ಕೆ ಪತ್ರ ತಂದ. ಅರ್ಜಿಯ ಕೊನೆಯ ದಿನ ಏಪ್ರಿಲ್ 10. ಆಗ ಕಣ್ಣಿಗೆ ಬಿತ್ತು, ಸೂಚನೆಯ ಹನ್ನೊಂದನೇ ಪುಟದ ಸಣ್ಣಕ್ಷರ: ಪತ್ರ ಏಪ್ರಿಲ್ 1 ಅಥವಾ ಅದರ ನಂತರದ್ದಾಗಿರಬೇಕು. ಹಣಕಾಸು ವರ್ಷ ಬದಲಾಯಿತಲ್ಲ! ಮಾರ್ಚ್ 31ರ ಸಂಜೆಯವರೆಗೆ ತಿಳಿಹಾಲಿನಂತಿದ್ದ ಅಣ್ಣನಿಗೆ ರಾತ್ರೋರಾತ್ರಿ ಕೆನೆ ಕಟ್ಟಿರಬಹುದು ಎಂಬ ಅನುಮಾನ. ಮತ್ತೆ ಅರ್ಜಿ, ಮತ್ತೆ ಗ್ರಾಮ ಆಡಳಿತಾಧಿಕಾರಿಯ ವರದಿ. ಹೊಸ ಪತ್ರ ಕೈಗೆ ಬಂದದ್ದು 10ರ ಮಧ್ಯಾಹ್ನ.

ಅದರಲ್ಲಿ ಡಿಜಿಟಲ್ ಸಹಿ ಇತ್ತು, ಚೌಕಾಕಾರದ ಕ್ಯೂಆರ್ ಸಂಕೇತವೂ ಇತ್ತು. ಫೈಲು ಮಾತ್ರ 480 ಕೆಬಿ, ಪೋರ್ಟಲ್ ನುಂಗುವುದು 200 ಕೆಬಿ. ಮೊಬೈಲಿನಲ್ಲಿ ಹಿಂಡಿ ಹಿಂಡಿ 190ಕ್ಕೆ ಇಳಿಸಿದಳು. ಡಿಜಿಟಲ್ ಸಹಿ ಇರುವುದು ಮೂಲ ಫೈಲಿಗೆ. ಹಾಗೆ ಹಿಂಡಿ ಹೊಸ ಫೈಲು ಮಾಡಿದರೆ ಸಹಿಯ ಚಿತ್ರ ಉಳಿಯುತ್ತದೆ, ಸಹಿ ಉಳಿಯುವುದಿಲ್ಲ. ಕ್ಯೂಆರ್ ಅಂತೂ ಕದಡಿದ ರಂಗೋಲಿಯಾಗಿತ್ತು. ಅರ್ಜಿ ಹೋಯಿತು. ಪರಿಶೀಲನೆಯ ದಿನ ಪೋರ್ಟಲ್ಲಿನಲ್ಲಿ ಉತ್ತರ ಕಾಣಿಸಿತು: `Certificate not verifiable`.

ಅಣ್ಣ ಆಗಷ್ಟೇ ಡೈರಿಯಿಂದ ಬಂದು ಕ್ಯಾನು ತೊಳೆಯುತ್ತಿದ್ದ. ತಲೆ ಎತ್ತದೆ ಕೇಳಿದ: ‘ಎಷ್ಟು ಬಂತಂತವ್ವಾ ಫ್ಯಾಟು?’