ಒಂದು ದಿನದ ರಜೆ ಎರಡು ದಿನವಾದ ಬಗೆ

ಶಾಲೆಯ ಕ್ಯಾಲೆಂಡರ್ ಫೀಡನ್ನು ಪೋಸ್ಟ್ ಶೆಡ್ಯೂಲ್ ಮಾಡುವ ತಂತ್ರಾಂಶಕ್ಕೆ ಜೋಡಿಸಿದ ಮೇಲೆ, ಮೊದಲ ಎಡವಟ್ಟು ಬಹುತೇಕ ರಜೆಯ ರೂಪದಲ್ಲೇ ಬರುತ್ತದೆ. ನವೆಂಬರ್ 12ರಂದು ಶಾಲೆಗೆ ರಜೆ ಅಂದುಕೊಳ್ಳಿ. ಫೀಡಿನೊಳಗೆ ಅದು ಹೀಗಿರುತ್ತದೆ:

```
DTSTART;VALUE=DATE:20261112
DTEND;VALUE=DATE:20261113
```

ಇಂಥ ಫೀಡುಗಳು ಪಾಲಿಸುವ ಐಕ್ಯಾಲೆಂಡರ್ ನಿಯಮದ ಪ್ರಕಾರ, ಇಡೀ ದಿನದ ಕಾರ್ಯಕ್ರಮಕ್ಕೆ `DTEND` ಎಂದರೆ ಕೊನೆಯ ದಿನವಲ್ಲ, ಕಾರ್ಯಕ್ರಮ ಮುಗಿದ ಮೇಲಿನ ದಿನ. ಇದು ಗೊತ್ತಿಲ್ಲದ ಪೋಸ್ಟ್ ಟೆಂಪ್ಲೇಟ್ ಎರಡೂ ದಿನಾಂಕಗಳನ್ನು ಹಾಗೇ ಎತ್ತಿಕೊಂಡು "12ರಿಂದ 13ರವರೆಗೆ ರಜೆ" ಎಂದು ಸಾರಿಬಿಡುತ್ತದೆ. ಈ ತಪ್ಪನ್ನು ವಿದ್ಯಾರ್ಥಿಗಳಲ್ಲಿ ಒಬ್ಬರೂ ಬಂದು ತಿಳಿಸುವುದಿಲ್ಲ. ಪರೀಕ್ಷೆಗೆ ಒಂದು ದಿನ ಹೆಚ್ಚಾಗಿದ್ದರೆ ಐದೇ ನಿಮಿಷದಲ್ಲಿ ದೂರು ಬರುತ್ತಿತ್ತು. ಇಡೀ ದಿನದ ಕಾರ್ಯಕ್ರಮವಾದರೆ, ಪೋಸ್ಟಿನಲ್ಲಿ ತೋರಿಸುವ ಮುನ್ನ `DTEND`ನಿಂದ ಒಂದು ದಿನ ಕಳೆಯಬೇಕು. ಕಳೆದ ಮೇಲೆ ಎರಡೂ ದಿನಾಂಕ ಒಂದೇ ಆದರೆ "ರಿಂದ–ವರೆಗೆ" ಬೇಡ, ಒಂದನ್ನೇ ಬರೆದರೆ ಸಾಕು.

ಎರಡನೆಯ ತಮಾಷೆ ರಾತ್ರಿ ಹೊತ್ತಿನದು. ಇಡೀ ದಿನದ ಕಾರ್ಯಕ್ರಮಕ್ಕೆ ಗಂಟೆ-ನಿಮಿಷ ಇರುವುದಿಲ್ಲವಾದ್ದರಿಂದ ಅನೇಕ ತಂತ್ರಾಂಶಗಳು ಅದನ್ನು ಮಧ್ಯರಾತ್ರಿ 12ಕ್ಕೆ ಶುರುವಾಗುವಂತೆ ಎಣಿಸುತ್ತವೆ. "24 ಗಂಟೆ ಮೊದಲು ನೆನಪಿಸು" ಎಂದು ಕೊಟ್ಟರೆ ಅಪ್ಪ-ಅಮ್ಮಂದಿರ ಫೋನು ನಡುರಾತ್ರಿಯಲ್ಲಿ ಟಣ್ ಎನ್ನುತ್ತದೆ, ಅದೂ ಮಕ್ಕಳು ಬಣ್ಣದ ಬಟ್ಟೆ ತೊಟ್ಟು ಬರಲಿ ಎಂಬ ಸಂದೇಶಕ್ಕೆ. ಗಂಟೆಗಳ ಲೆಕ್ಕ ಬಿಟ್ಟು "ಹಿಂದಿನ ದಿನ ಸಂಜೆ 6ಕ್ಕೆ, ಶಾಲೆಯ ಟೈಮ್ ಝೋನ್‌ನಲ್ಲಿ" ಎಂದು ಕೊಟ್ಟರೆ ಎಲ್ಲರೂ ನೆಮ್ಮದಿಯಾಗಿ ಮಲಗುತ್ತಾರೆ.

ದಿನಾಂಕ ಬದಲಾದಾಗಲಂತೂ ನಿಜವಾದ ಗೊಂದಲ. ಪ್ರತಿ ಕಾರ್ಯಕ್ರಮಕ್ಕೂ `UID` ಎಂಬ ಗುರುತು ಇರುತ್ತದೆ. ಕಚೇರಿಯವರು ಪೋಷಕರ ಸಭೆಯನ್ನು ಕ್ಯಾಲೆಂಡರಿನಲ್ಲಿ ಎಳೆದು ಬೇರೆ ದಿನಕ್ಕೆ ಹಾಕಿದರೆ ಆ ಗುರುತು ಬದಲಾಗುವುದಿಲ್ಲ, ಹಳೆಯ ಪೋಸ್ಟನ್ನೇ ತಿದ್ದಬಹುದು. ಆದರೆ ಶಿಸ್ತಿನ ಗುಮಾಸ್ತರು ಹಳೆಯದನ್ನು ಅಳಿಸಿ ಹೊಸದಾಗಿ ಬರೆಯುತ್ತಾರೆ. ಆಗ ಹೊಸ `UID`, ಹೊಸ ಪೋಸ್ಟ್. ಅಳಿಸಿದ್ದು ಸಾಮಾನ್ಯವಾಗಿ ಫೀಡಿನಿಂದ ಸದ್ದಿಲ್ಲದೆ ಮಾಯವಾಗುತ್ತದೆಯೇ ಹೊರತು "ರದ್ದಾಯಿತು" ಎಂದು ಹೇಳಿ ಹೋಗುವುದಿಲ್ಲ. ಹಾಗಾಗಿ ಅದರ ಪೋಸ್ಟ್ ಸರತಿಯಲ್ಲೇ ಕಾದಿದ್ದು, ಹೊತ್ತಿಗೆ ಸರಿಯಾಗಿ ಪೋಷಕರನ್ನು ಖಾಲಿ ಸಭಾಂಗಣಕ್ಕೆ ಕರೆಯುತ್ತದೆ.

ಇದನ್ನು ತಡೆಯಲು ಪ್ರತಿ ಸಿಂಕ್‌ನಲ್ಲೂ ಸರತಿಯ `UID`ಗಳನ್ನು ಫೀಡಿನವುಗಳೊಂದಿಗೆ ಹೋಲಿಸಿ, ಕಾಣೆಯಾದವುಗಳ ಪೋಸ್ಟ್ ರದ್ದು ಮಾಡಬೇಕು. ಒಂದು ಎಚ್ಚರಿಕೆ: ಸರ್ವರ್ ಕೈಕೊಟ್ಟು ಫೀಡ್ ಖಾಲಿ ಬಂದರೆ ಇದೇ ನಿಯಮ ಇಡೀ ವರ್ಷದ ಕಾರ್ಯಕ್ರಮಗಳನ್ನು ಗುಡಿಸಿ ಹಾಕುತ್ತದೆ. ಫೀಡ್ ಖಾಲಿಯಿದ್ದರೆ, ಅಥವಾ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಾರ್ಯಕ್ರಮ ಕಾಣೆಯಾದರೆ, ಏನನ್ನೂ ಅಳಿಸದೆ ಕಚೇರಿಗೆ ಒಂದು ಮಾತು ಕೇಳುವಂತೆ ನಿಯಮ ಬರೆದಿಡಿ.