ಜೇನು ಕುದಿಸಿದರೆ ಸಾಕೇ?

‘ಜೇನುತುಪ್ಪವನ್ನು ಚೆನ್ನಾಗಿ ಕುದಿಸಿ ಆರಿಸಿದರೆ ಆರು ತಿಂಗಳ ಮಗುವಿಗೂ ನೆಕ್ಕಿಸಬಹುದಂತೆ, ನಿಜವೇ?’

ಇಲ್ಲ. ಕುದಿಸಿದರೆ ನಾಶವಾಗುವುದು ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುವ ಬೊಟುಲಿನಮ್ ವಿಷ ಮಾತ್ರ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿರಬಹುದು, ಅವು 100 ಡಿಗ್ರಿಯಲ್ಲೂ ಉಳಿಯುತ್ತವೆ. ಮನೆಯಲ್ಲಿ ಬರೀ ಕುದಿಯುವ ನೀರಿನಲ್ಲಿಟ್ಟು ಡಬ್ಬಿ ಕಟ್ಟಿದ, ಹುಳಿಯಿಲ್ಲದ ತರಕಾರಿ ಅಪಾಯಕಾರಿಯಾಗುವುದೂ ಇದರಿಂದಲೇ: ಗಾಳಿಯಾಡದ ಡಬ್ಬಿಯೊಳಗೆ ಅವು ಮೊಳೆಯುತ್ತವೆ. ಅವನ್ನು ಕೊಲ್ಲಲು ಒತ್ತಡದಲ್ಲಿ ಸುಮಾರು 121 ಡಿಗ್ರಿ ಶಾಖ ಬೇಕು.

ಜೇನಿನಲ್ಲಿ ಸುಮ್ಮನಿರುವ ಬೀಜಕಣ ಕೂಸಿನ ಕರುಳಿನಲ್ಲಿ ಮೊಳೆಯುತ್ತದೆ, ಏಕೆಂದರೆ ಅದನ್ನು ತಡೆಯುವ ಸೂಕ್ಷ್ಮಜೀವಿಗಳು ಅಲ್ಲಿನ್ನೂ ನೆಲೆಯೂರಿರುವುದಿಲ್ಲ. ಅಲ್ಲಿ ತಯಾರಾಗುವ ವಿಷವು ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ರಾಸಾಯನಿಕ ಬಿಡುಗಡೆಯಾಗದಂತೆ ತಡೆಯುತ್ತದೆ. ಸ್ನಾಯುವಿಗೆ ಸಂದೇಶವೇ ತಲುಪುವುದಿಲ್ಲ. ಸಾಮಾನ್ಯವಾಗಿ ಮೊದಲು ಮಲಬದ್ಧತೆ. ಆಮೇಲೆ ರೆಪ್ಪೆ ಜೋಲುತ್ತದೆ, ಹಾಲು ಚೀಪುವ ಬಲ ಕುಗ್ಗುತ್ತದೆ, ಅಳು ಕ್ಷೀಣಿಸುತ್ತದೆ, ಕತ್ತು ನಿಲ್ಲುವುದಿಲ್ಲ. ಹೀಗೆ ತಲೆಯಿಂದ ಕೆಳಗಿಳಿದು ಕೈಕಾಲು, ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಹುದು. ಈ ಲಕ್ಷಣ ಕಂಡರೆ ಜ್ವರ ಇಲ್ಲವೆಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. 12 ತಿಂಗಳು ತುಂಬುವವರೆಗೆ ಜೇನು ಒಂದು ಹನಿಯೂ ಬೇಡ.